ಕೇಳಬೇಕಾದವರನ್ನಷ್ಟೇ ಕೇಳುವ ಅರ್ಜಿ

ಕಾಲೇಜೊಂದರಲ್ಲಿ ಒಂದು ದಿನದ ವಿಜ್ಞಾನ ಮೇಳ ಏರ್ಪಾಡಾಗಿದೆ ಎಂದುಕೊಳ್ಳಿ. ಬರುವವರು ಮೂರು ಬಗೆ: ಮಾದರಿಗಳನ್ನು ತರುವ ವಿದ್ಯಾರ್ಥಿಗಳು, ಅವರನ್ನು ಕರೆತರುವ ಶಿಕ್ಷಕರು ಮತ್ತು ನೋಡಲು ಬರುವ ಸಾರ್ವಜನಿಕರು. ಮಾದರಿಗೆ ವಿದ್ಯುತ್ ಸಂಪರ್ಕ ಬೇಕೇ ಎಂಬುದನ್ನು ವಿದ್ಯಾರ್ಥಿಯಿಂದ ತಿಳಿಯಬೇಕು. ಹಾಜರಾತಿ ಪತ್ರ ಬೇಕೇ ಎಂಬುದನ್ನು ಶಿಕ್ಷಕರಿಂದ ತಿಳಿಯಬೇಕು. ಎಲ್ಲ ಪ್ರಶ್ನೆಗಳನ್ನೂ ಒಂದೇ ಪುಟದಲ್ಲಿ ಕಡ್ಡಾಯ ಮಾಡಿದರೆ, ಮಾದರಿಯನ್ನೇ ತಾರದ ಹಿರಿಯರೂ ಅರ್ಜಿ ಮುಗಿದರೆ ಸಾಕೆಂದು 'ಬೇಕು' ಎಂದು ಗುರುತು ಹಾಕಿಬಿಡಬಹುದು. ಅದನ್ನು ನಂಬಿ ವಿದ್ಯುತ್ ಸಂಪರ್ಕಗಳನ್ನು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಇದಕ್ಕೆ ಪರಿಹಾರ, ಉತ್ತರಕ್ಕೆ ತಕ್ಕಂತೆ ಕವಲೊಡೆಯುವ ಅರ್ಜಿ. ಗೂಗಲ್ ಫಾರ್ಮ್ಸ್‌ನಲ್ಲಿ ಇದನ್ನು ಹೇಗೆ ಮಾಡುವುದೆಂದು ನೋಡೋಣ. ಮೊದಲು ಅರ್ಜಿಯನ್ನು ನಾಲ್ಕು ವಿಭಾಗಗಳಾಗಿ ಮಾಡಿಕೊಳ್ಳಿ. 1ನೆಯದರಲ್ಲಿ ಹೆಸರು ಮತ್ತು 'ನೀವು ಯಾರು?' ಎಂಬ ಪ್ರಶ್ನೆ. 2ನೆಯದು ವಿದ್ಯಾರ್ಥಿಗಳಿಗೆ, 3ನೆಯದು ಶಿಕ್ಷಕರಿಗೆ. 4ನೆಯದರಲ್ಲಿ ಮಧ್ಯಾಹ್ನದ ಊಟದಂಥ, ಎಲ್ಲರಿಗೂ ಅನ್ವಯಿಸುವ ಪ್ರಶ್ನೆ.

'ನೀವು ಯಾರು?' ಎಂಬುದಕ್ಕೆ ಒಂದೇ ಉತ್ತರವನ್ನು ಆರಿಸುವ Multiple choice ಅಥವಾ Dropdown ಮಾದರಿ ಇರಲಿ. ಹಲವು ಉತ್ತರಗಳನ್ನು ಗುರುತಿಸಬಹುದಾದ Checkboxes ಇಲ್ಲಿ ಕವಲೊಡೆಯುವುದಿಲ್ಲ. ಪ್ರಶ್ನೆಯ ಕೆಳಗಿನ ಮೂರು ಚುಕ್ಕಿಗಳನ್ನು ಒತ್ತಿ Go to section based on answer ಎಂಬುದನ್ನು ಆರಿಸಿ. ಆಗ ಪ್ರತಿ ಉತ್ತರದ ಪಕ್ಕದಲ್ಲೂ ಅದರ ದಾರಿಯನ್ನು ಸೂಚಿಸಬಹುದು: ವಿದ್ಯಾರ್ಥಿಗೆ 2, ಶಿಕ್ಷಕರಿಗೆ 3, ಸಾರ್ವಜನಿಕರಿಗೆ ನೇರವಾಗಿ 4. ಈ ಪ್ರಶ್ನೆಗೆ Required ಹಾಕುವುದನ್ನು ಮರೆಯಬೇಡಿ. ಹಾಕದಿದ್ದರೆ, ಉತ್ತರಿಸದೆ ಮುಂದೆ ಹೋದವರೆಲ್ಲ 2ನೆಯ ವಿಭಾಗಕ್ಕೇ ಬಂದು ಸೇರುತ್ತಾರೆ.

ಹೆಚ್ಚಿನವರು ಎಡವುವುದು ಇದರ ನಂತರ. ಒಳಗೆ ಹೋಗುವ ದಾರಿಯನ್ನು ತೋರಿಸಿದ್ದೇವೆ, ಹೊರಬರುವ ದಾರಿಯನ್ನು ತೋರಿಸಿಲ್ಲ. ನಾವೇನೂ ಹೇಳದಿದ್ದರೆ ಒಂದು ವಿಭಾಗ ಮುಗಿದ ಮೇಲೆ ಅದರ ಮುಂದಿನದೇ ತೆರೆದುಕೊಳ್ಳುತ್ತದೆ. ವಿದ್ಯಾರ್ಥಿ ತನ್ನ ಭಾಗವನ್ನು ಮುಗಿಸಿ ಶಿಕ್ಷಕರ ಭಾಗಕ್ಕೆ ಬೀಳುತ್ತಾನೆ. ಅಲ್ಲಿನ ಪ್ರಶ್ನೆಗಳು ಕಡ್ಡಾಯವಾಗಿದ್ದರೆ ಮತ್ತೆ ಅದೇ ಸುಳ್ಳು ಉತ್ತರ. ಆದ್ದರಿಂದ 2ನೆಯ ವಿಭಾಗದ ಅಡಿಯಲ್ಲಿರುವ Continue to next section ಎಂಬುದನ್ನು ಬದಲಿಸಿ, 4ನೆಯ ವಿಭಾಗಕ್ಕೆ ಹೋಗುವಂತೆ ಮಾಡಿ. 3ರ ನಂತರ ಹೇಗೂ 4 ಬರುತ್ತದೆ.

ಊಟದ ಪ್ರಶ್ನೆಯನ್ನು ಕೊನೆಯಲ್ಲಿ ಒಮ್ಮೆ ಮಾತ್ರ ಇಟ್ಟಿದ್ದಕ್ಕೂ ಕಾರಣವಿದೆ. ಉತ್ತರಗಳ ಪಟ್ಟಿಯಲ್ಲಿ ಪ್ರತಿ ಪ್ರಶ್ನೆಗೂ ಒಂದೊಂದು ಕಂಬಸಾಲು ಮೂಡುತ್ತದೆ. ಅದೇ ಪ್ರಶ್ನೆಯನ್ನು ಎರಡು ವಿಭಾಗಗಳಲ್ಲಿ ಕೇಳಿದರೆ ಎರಡು ಸಾಲುಗಳಾಗಿ, ಊಟದ ಎಣಿಕೆಯನ್ನು ಎರಡು ಕಡೆ ಹುಡುಕಿ ಕೂಡಬೇಕಾಗುತ್ತದೆ.

ಅರ್ಜಿಯನ್ನು ಹಂಚುವ ಮುನ್ನ ಮೂರು ಬಾರಿ ನೀವೇ ತುಂಬಿ ನೋಡಿ: ವಿದ್ಯಾರ್ಥಿಯಾಗಿ, ಶಿಕ್ಷಕರಾಗಿ, ಸಾರ್ವಜನಿಕರಾಗಿ. ಬಳಿಕ ಪಟ್ಟಿಯನ್ನು ತೆರೆಯಿರಿ. ಸಾರ್ವಜನಿಕರ ಸಾಲಿನಲ್ಲಿ ವಿದ್ಯುತ್ ಸಂಪರ್ಕ ಮತ್ತು ಹಾಜರಾತಿ ಪತ್ರದ ಮನೆಗಳು, ವಿದ್ಯಾರ್ಥಿಯ ಸಾಲಿನಲ್ಲಿ ಹಾಜರಾತಿ ಪತ್ರದ ಮನೆ, ಶಿಕ್ಷಕರ ಸಾಲಿನಲ್ಲಿ ವಿದ್ಯುತ್ ಸಂಪರ್ಕದ ಮನೆ ಖಾಲಿ ಇದ್ದರೆ ದಾರಿ ಸರಿಯಾಗಿದೆ. ಅಲ್ಲೇನಾದರೂ ಉತ್ತರ ಕಂಡರೆ, ಎಲ್ಲೋ ಒಂದು ಕವಲು ತಪ್ಪಿದೆ ಎಂದೇ ಅರ್ಥ.