ಹಣ ಬಂತು, ದೋಸೆ ಬರಲಿಲ್ಲ

ಭಾನುವಾರ ಬೆಳಗ್ಗೆ ಎಂಟೂವರೆ. ಬಡಾವಣೆಯ ಸಣ್ಣ ಹೋಟೆಲೊಂದರ ವೆಬ್‌ಸೈಟಿನಲ್ಲಿ ಗ್ರಾಹಕರೊಬ್ಬರು ಎರಡು ಮಸಾಲೆ ದೋಸೆ, ಒಂದು ಖಾರಾಬಾತ್ ಆರಿಸಿ ಯುಪಿಐನಲ್ಲಿ ದುಡ್ಡು ಕಟ್ಟುತ್ತಾರೆ ಎಂದಿಟ್ಟುಕೊಳ್ಳಿ. ಪಿನ್ ಒತ್ತಿದ ಕೂಡಲೇ ಯಾರದೋ ಕರೆ ಬರುತ್ತದೆ. ಮಾತು ಮುಗಿಸಿದವರು ಮತ್ತೆ ಹೋಟೆಲ್ಲಿನ ಪುಟ ತೆರೆಯುವುದೇ ಇಲ್ಲ. ಖಾತೆಯಿಂದ ಹಣ ಹೋಗಿದೆ. ಅಡುಗೆಮನೆಗೆ ಮಾತ್ರ ಸುದ್ದಿಯೇ ಇಲ್ಲ.

ಇಂಥ ಎಡವಟ್ಟಿನ ಕಾರಣ ಸರಳ. ‘ಪಾವತಿ ಆಯಿತು’ ಎಂಬ ಪುಟ ಗ್ರಾಹಕರ ಫೋನಿನಲ್ಲಿ ತೆರೆದ ಮೇಲಷ್ಟೇ ಆರ್ಡರ್ ದಾಖಲಾಗುವಂತೆ ಸೈಟ್ ಕಟ್ಟಿರುತ್ತಾರೆ. ಸರಿಯಾದ ಕ್ರಮವೇ ಬೇರೆ. ಹಣ ಕೇಳುವ ಮೊದಲೇ ಆರ್ಡರಿಗೊಂದು ಸಂಖ್ಯೆ ಕೊಟ್ಟು ‘ಹಣ ಬಾಕಿ’ ಎಂದು ಬರೆದಿಡಬೇಕು. ಹಣ ಬಂದಾಗ ಪೇಮೆಂಟ್ ಗೇಟ್‌ವೇ ತಾನಾಗಿಯೇ ಹೋಟೆಲ್ಲಿನ ಸರ್ವರ್‌ಗೆ ತಿಳಿಸುತ್ತದೆ. ವೆಬ್‌ಹುಕ್ ಎನ್ನುವುದು ಇದನ್ನೇ. ಗ್ರಾಹಕರ ಫೋನ್ ಆಫ್ ಆಗಿದ್ದರೂ ಈ ಸಂದೇಶ ತಲುಪುತ್ತದೆ. ಒಮ್ಮೊಮ್ಮೆ ಅದೇ ಸಂದೇಶ ಎರಡು ಸಲ ಬರುವುದೂ ಉಂಟು. ಆರ್ಡರ್ ಸಂಖ್ಯೆ ನೋಡಿ ಎರಡನೆಯದನ್ನು ಬಿಡದಿದ್ದರೆ ಕಾವಲಿಯ ಮೇಲೆ ನಾಲ್ಕು ದೋಸೆ ಬೀಳುತ್ತವೆ.

ಮೆನುವಿನಲ್ಲೂ ಒಂದು ಎಚ್ಚರ ಬೇಕು. ಗ್ರಾಹಕರು ಪುಟ ತೆರೆದಾಗ ಇದ್ದ ಖಾರಾಬಾತ್ ಅವರು ಹಣ ಕಟ್ಟುವ ಹೊತ್ತಿಗೆ ಖಾಲಿಯಾಗಿರಬಹುದು. ಹಾಗಾಗಿ ಹಣ ಕಟ್ಟುವ ಗುಂಡಿ ಒತ್ತಿದಾಗ ಸರ್ವರ್ ತಿಂಡಿ ಇದೆಯೇ, ಬೆಲೆ ಅದೇ ಇದೆಯೇ ಎಂದು ಮತ್ತೊಮ್ಮೆ ನೋಡಲೇಬೇಕು. ದುಡ್ಡು ಪಡೆದ ಮೇಲೆ ‘ಖಾಲಿ’ ಎನ್ನುವುದು ಗಿರಾಕಿಯನ್ನು ಕಳೆದುಕೊಳ್ಳುವ ದಾರಿ.

ಇಷ್ಟೆಲ್ಲ ಸರಿಯಿದ್ದರೂ ಕೊನೆಯ ಹತ್ತು ಅಡಿಯಲ್ಲಿ ಆರ್ಡರ್ ಕಳೆದುಹೋಗುತ್ತದೆ. ಅಡುಗೆಮನೆಯ ಟ್ಯಾಬ್ಲೆಟ್‌ನಲ್ಲಿ ಹೊಸ ಆರ್ಡರ್ ಬಂದರೆ ಗಂಟೆ ಬಾರಿಸಬೇಕು. ಆದರೆ ಯಾರಾದರೂ ಪುಟವನ್ನು ಒಮ್ಮೆ ಮುಟ್ಟುವ ತನಕ ಸದ್ದು ಮಾಡಲು ಬ್ರೌಸರ್‌ಗಳು ಸಾಮಾನ್ಯವಾಗಿ ಬಿಡುವುದಿಲ್ಲ. ರಾತ್ರಿ ಟ್ಯಾಬ್ಲೆಟ್ ರೀಸ್ಟಾರ್ಟ್ ಆಗಿದ್ದರೆ ಬೆಳಗ್ಗೆ ಆರ್ಡರ್‌ಗಳು ಪರದೆ ತುಂಬುತ್ತವೆ, ಸದ್ದಿಲ್ಲ. ಮಿಕ್ಸಿಯ ಗದ್ದಲದಲ್ಲಿ ಪರದೆಯ ಕಡೆ ನೋಡುವವರು ಯಾರು? ‘ಕೆಲಸ ಶುರು’ ಎಂಬ ದೊಡ್ಡ ಗುಂಡಿಯಿಟ್ಟು, ಅದನ್ನು ಒತ್ತಿದಾಗ ಗಂಟೆ ಒಮ್ಮೆ ಬಾರಿಸುವಂತೆ ಮಾಡಿದರೆ ಈ ತೊಡಕು ತಪ್ಪುತ್ತದೆ.

ಒಂದೇ ಸಲ ‘ಟಿಂಗ್’ ಎಂದರೆ ಸಾಲದು. ಅಡುಗೆಯವರು ‘ಒಪ್ಪಿದೆ’ ಒತ್ತುವವರೆಗೂ ಗಂಟೆ ಬಾರಿಸುತ್ತಲೇ ಇರಬೇಕು. ಮೂರು ನಿಮಿಷ ಯಾರೂ ಒತ್ತದಿದ್ದರೆ ಮಾಲೀಕರ ಮೊಬೈಲ್‌ಗೆ ಕರೆ ಹೋಗಬೇಕು. ಗ್ರಾಹಕರಿಗೆ ‘ತಯಾರಾಗುತ್ತಿದೆ’ ಎಂದು ತೋರಿಸಬೇಕಾದ್ದೂ ಒಪ್ಪಿಗೆ ಸಿಕ್ಕ ಮೇಲೆಯೇ. ನಡುವೆ ವೈಫೈ ಹೋಗಿ ಬಂದರೆ, ಒಪ್ಪದೆ ಉಳಿದ ಆರ್ಡರ್‌ಗಳನ್ನೆಲ್ಲ ಟ್ಯಾಬ್ಲೆಟ್ ಸರ್ವರ್‌ನಿಂದ ಮತ್ತೆ ಕೇಳಿ ಪಡೆಯಬೇಕು.

ಸೈಟ್ ಮಾಡಿಸಿಕೊಳ್ಳುವ ಹೋಟೆಲ್ ಮಾಲೀಕರು ಕೊನೆಯ ಕಂತಿನ ಹಣ ಕೊಡುವ ಮೊದಲು ಎರಡು ಪರೀಕ್ಷೆ ಮಾಡಿ. ಒಂದು ಕಾಫಿಗೆ ಹಣ ಕಟ್ಟಿ, ತಕ್ಷಣ ಫೋನಿನ ಬ್ರೌಸರ್ ಮುಚ್ಚಿ. ಆಮೇಲೆ ಅಡುಗೆಮನೆಯ ವೈಫೈ ಆರಿಸಿ ಇನ್ನೊಂದು ಕಾಫಿ ಆರ್ಡರ್ ಮಾಡಿ, ಐದು ನಿಮಿಷ ಬಿಟ್ಟು ವೈಫೈ ಹಾಕಿ. ಎರಡು ಸಲವೂ ಗಂಟೆ ಬಾರಿಸಿದರೆ ಮಾತ್ರ ಸೈಟನ್ನು ಗ್ರಾಹಕರಿಗೆ ತೆರೆಯಿರಿ.