ಪೋರ್ಟಿನಲ್ಲಿ ಸಿಕ್ಕಿಕೊಂಡ ಯುಎಸ್‌ಬಿ ತುದಿ

ಗ್ರಾಂಟ್ ರೋಡ್ ಸ್ಟೇಷನ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನ ರಿಪೇರಿ ಅಂಗಡಿ ಹುಡುಕುವ ಮುಂಚೆ ಇದನ್ನು ನೋಡಿ. ಪೆನ್‌ಡ್ರೈವ್ ಮುರಿದಿದೆ, ಅದರ ಲೋಹದ ಕವಚ ಮಾತ್ರ ಲ್ಯಾಪ್‌ಟಾಪಿನೊಳಗೆ ಉಳಿದಿದೆ.

ಮೊದಲು ಚಾರ್ಜರ್ ಕಿತ್ತು ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ. ಸ್ಲೀಪ್ ಸಾಲದು, ಆಗಲೂ ಪೋರ್ಟಿನಲ್ಲಿ 5 ವೋಲ್ಟ್ ಇರಬಹುದು.

ಈಗ ಟಾರ್ಚ್ ಬಿಟ್ಟು ನೋಡಿ. ಕವಚದಲ್ಲಿ ಚೌಕ ತೂತುಗಳಿವೆಯಲ್ಲ, ಪೋರ್ಟಿನ ಸ್ಪ್ರಿಂಗ್‌ಗಳು ಅವುಗಳೊಳಗೆ ಕೂತಿರುತ್ತವೆ. ತುಂಡು ಬಿಗಿಯಾಗಿರುವುದು ಅದಕ್ಕೇ. ಒಳಗೆ ಪಿನ್‌ಗಳಿರುವ ಪ್ಲಾಸ್ಟಿಕ್ ನಾಲಿಗೆ ಲ್ಯಾಪ್‌ಟಾಪಿನದು, ಅದನ್ನು ಮುಟ್ಟಬೇಡಿ.

ನಾಲಿಗೆಯಿಂದ ದೂರವಿರುವ ಅಂಚನ್ನು ಚೂಪು ಚಿಮಟದಲ್ಲಿ ಹಿಡಿದು ನೇರವಾಗಿ ಎಳೆಯಿರಿ. ಮೇಲೆ ಕೆಳಗೆ ಅಲುಗಾಡಿಸಿದರೆ ನಾಲಿಗೆ ಮುರಿಯಬಹುದು. ಹಿಡಿತ ಸಿಗದಿದ್ದರೆ ಸೂಜಿಯಿಂದ ಆ ಅಂಚನ್ನು ಕೊಂಚ ಒಳಕ್ಕೆ ಬಾಗಿಸಿ, ಮತ್ತೆ ಹಿಡಿಯಿರಿ. ಫೆವಿಕ್ವಿಕ್ ಹಚ್ಚಿದ ಕಡ್ಡಿ ಮಾತ್ರ ಬೇಡವೇ ಬೇಡ, ಅಂಟು ಪಿನ್‌ಗಳಿಗೆ ಹರಿದರೆ ಪೋರ್ಟೇ ಹೋಯಿತು.

ತುಂಡು ಹೊರಬಂತೇ? ಮತ್ತೆ ಟಾರ್ಚ್ ಬಿಡಿ. ಪಿನ್‌ಗಳು ನೆಟ್ಟಗೆ, ಬೇರೆಬೇರೆಯಾಗಿದ್ದರೆ ಹಳೆಯ ಮೌಸ್ ಒಂದನ್ನು ಚುಚ್ಚಿ ಪರೀಕ್ಷಿಸಿ. ಬಾಗಿ ಒಂದಕ್ಕೊಂದು ತಾಗಿದ್ದರೆ ಆನ್ ಮಾಡಬೇಡಿ, ಶಾರ್ಟ್ ಆಗುತ್ತದೆ. ಅಂಥ ಪೋರ್ಟನ್ನು ರಿಪೇರಿಯವರೇ ಬಿಚ್ಚಿ, ಹೊಸದನ್ನು ಬೆಸೆಯಬೇಕು.