ಮೂರಡಿ ನುಂಗಿದ ನಕ್ಷೆ

ನಮ್ಮದು ಪೂರ್ವಕ್ಕೆ ಮುಖ ಮಾಡಿದ 30×40ರ ಸೈಟು. ನಗರಸಭೆಯ ಗಣಕೀಕೃತ ನಕ್ಷೆಯಲ್ಲಿ ಮಾತ್ರ ಅದು 27×40 ಆಗಿತ್ತು. ಉತ್ತರದ ಮನೆಯವರ ಸೈಟು 33 ಅಡಿಗೆ ಹಿಗ್ಗಿತ್ತು. 120 ಚದರ ಅಡಿ ಅತ್ತ ಹೋಗಿತ್ತು, ಅವರಿಗೂ ಗೊತ್ತಿಲ್ಲದೆ.

ನಾನು ಮೊದಲು ಬರೆದ ಅರ್ಜಿಯಲ್ಲಿ ಬರೀ ಸಿಟ್ಟಿತ್ತು. ಗುಮಾಸ್ತರು ಓದಿ, "ಅದು ಸರಿ ಸಾರ್, ಯಾವ ಗೆರೆ ತಪ್ಪು ಅಂತ ಬರೀರಿ" ಎಂದು ವಾಪಸ್ ಕೊಟ್ಟರು. ಅವರು ಕೇಳಿದ್ದು ನ್ಯಾಯವೇ.

ಮನೆಗೆ ಬಂದು ನಕ್ಷೆಯನ್ನು ಮತ್ತೆ ನೋಡಿದೆ. ಬೀದಿಯ ಎಲ್ಲ ಸೈಟುಗಳೂ ಒಂದೇ ದಿಕ್ಕಿಗೆ ಒಂದೇ ಅಳತೆಯಷ್ಟು ಜರುಗಿದ್ದರೆ ನಕ್ಷೆಯನ್ನು ನೆಲಕ್ಕೆ ಹೊಂದಿಸುವಾಗಲೇ ತಪ್ಪಾಗಿದೆ ಎಂದರ್ಥ. ಇಲ್ಲಿ ಹಾಗಿರಲಿಲ್ಲ, ಒಂದೇ ಗೆರೆ ಕೆಟ್ಟಿತ್ತು. ಉಪಗ್ರಹ ಚಿತ್ರ ಓರೆಯಾಗಿ ತೆಗೆದದ್ದಾದರೆ ಎತ್ತರದ ಕಟ್ಟಡ ಪಕ್ಕಕ್ಕೆ ವಾಲಿದಂತೆ ಕಾಣುತ್ತದೆ. ಪಕ್ಕದ ಮೂರಂತಸ್ತಿನ ಮನೆಯ ತಾರಸಿ ನಮ್ಮ ಕಡೆಗೆ ವಾಲಿತ್ತು, ಕಾಂಪೌಂಡ್ ಗೋಡೆ ಹೊಂಗೆ ಮರದಡಿ ಮರೆಯಾಗಿತ್ತು. ಗೆರೆ ಎಳೆದವರು ತಾರಸಿಯ ಅಂಚನ್ನೇ ಗಡಿ ಎಂದುಕೊಂಡಿದ್ದರು.

ಮೊಬೈಲಿನ ಜಿಪಿಎಸ್ ಇಲ್ಲಿ ಉಪಯೋಗಕ್ಕೆ ಬಾರದು. ಅದೇ ಹಲವು ಅಡಿ ಅತ್ತಿತ್ತ ತೋರಿಸುವಾಗ ಮೂರಡಿಯ ತಪ್ಪನ್ನು ಹೇಗೆ ಹಿಡಿದೀತು? ಟೇಪು ಸಾಕು. 30×40ರ ಸೈಟು ಚೌಕವಾಗಿದ್ದರೆ ಮೂಲೆಯಿಂದ ಮೂಲೆಗೆ ಸರಿಯಾಗಿ 50 ಅಡಿ. 27 ಆದರೆ 48 ಅಡಿ 3 ಇಂಚು. ಎರಡೂ ಮೂಲೆಗಟ್ಟು ಎಳೆದೆವು, ಎರಡೂ ಐವತ್ತೇ ಬಂದವು. ಟೇಪಿನ ಇನ್ನೊಂದು ತುದಿ ಹಿಡಿದವರು ಉತ್ತರದ ಮನೆಯ ಯಜಮಾನರೇ.

ಎರಡನೇ ಅರ್ಜಿಯಲ್ಲಿ ಪೌರಾಯುಕ್ತರಿಗೆ ಬರೆದದ್ದು ಇಷ್ಟು:

"ಮಾನ್ಯರೇ, ಮೇಲ್ಕಂಡ ಸ್ವತ್ತಿನ ಉತ್ತರದ ಗಡಿ ತಮ್ಮ ನಕ್ಷೆಯಲ್ಲಿ 3 ಅಡಿ ದಕ್ಷಿಣಕ್ಕೆ ಸರಿದಿದೆ. ಉಳಿದ ಮೂರು ಗಡಿಗಳು ಸರಿ ಇವೆ. ಕ್ರಯಪತ್ರದ ಚಕ್ಕುಬಂದಿ ಹಾಗೂ ಅನುಮೋದಿತ ಬಡಾವಣೆ ನಕ್ಷೆಯಂತೆ ಉತ್ತರ-ದಕ್ಷಿಣ 30 ಅಡಿ ಇರುತ್ತದೆ. ಉತ್ತರದ ಮಾಲೀಕರ ಒಪ್ಪಿಗೆ ಪತ್ರ ಲಗತ್ತಿಸಿದೆ. ಸ್ಥಳ ಪರಿಶೀಲಿಸಿ, ಎರಡೂ ಸ್ವತ್ತುಗಳ ಗೆರೆ ಮತ್ತು ವಿಸ್ತೀರ್ಣ ತಿದ್ದಿ, ತಿದ್ದಿದ ನಕ್ಷೆಯ ಪ್ರತಿ ನೀಡಬೇಕಾಗಿ ಕೋರುತ್ತೇನೆ."

'ಎರಡೂ ಸ್ವತ್ತುಗಳ' ಎಂಬ ಮಾತು ಮುಖ್ಯ. ಗೆರೆ ಇಬ್ಬರಿಗೂ ಸೇರಿದ್ದು. ಒಬ್ಬರದ್ದನ್ನೇ ತಿದ್ದಿದರೆ ಒಂದರ ಮೇಲೊಂದು ಸೈಟು ಕೂರುತ್ತದೆ. ಸ್ವತ್ತಿನ ಸಂಖ್ಯೆ, ಕ್ರಯಪತ್ರದ ನಕಲು, ಹಳೆಯ ಖಾತೆ, ತೆರಿಗೆ ರಸೀದಿಗಳ ಜೊತೆಗೆ ತಪ್ಪು ಗೆರೆಯನ್ನು ಕೆಂಪಿನಲ್ಲೂ ಸರಿ ಗೆರೆಯನ್ನು ನೀಲಿಯಲ್ಲೂ ಗುರುತಿಸಿದ ನಕ್ಷೆಯ ಪ್ರತಿಯನ್ನೂ ಇಟ್ಟೆ. ಗುಮಾಸ್ತರು ಮೊದಲು ನೋಡಿದ್ದು ಅದನ್ನೇ.

ಕ್ರಯಪತ್ರದಲ್ಲೇ ಅಳತೆ ತಪ್ಪಿದ್ದರೆ ಈ ಅರ್ಜಿ ನಡೆಯದು. ಮೊದಲು ಉಪನೋಂದಣಿ ಕಚೇರಿಯಲ್ಲಿ ತಿದ್ದುಪಡಿ ಪತ್ರ ಆಗಬೇಕು. ಪಕ್ಕದವರು ಒಪ್ಪದೆ ಹಕ್ಕಿನ ತಕರಾರು ಎದ್ದರೆ ಅದನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ, ನಗರಸಭೆಯಲ್ಲ. ಎರಡೂ ಇಲ್ಲದಿದ್ದರೆ ಅರ್ಜಿ ಕೊಡಿ, ಇನ್ನೊಂದು ಪ್ರತಿಯ ಮೇಲೆ ತಾರೀಖಿನ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಿಟಕಿ ಬಿಟ್ಟು ಕದಲಬೇಡಿ.